ಗೀಸರ್ ಆರಿಸಿದರೆ ತಣ್ಣೀರು

ಮೊದಲ ವಾರ: ದುಬೈನ ದೇರಾ, ಜುಲೈ ತಿಂಗಳು. ಬಾಡಿಗೆಗೆ ಸಿಕ್ಕಿದ್ದು ಮನೆಯಲ್ಲ, ರೂಮೂ ಅಲ್ಲ, ಬೆಡ್‌ಸ್ಪೇಸ್. ನನ್ನದು ಮೇಲಿನ ಮಂಚ. ಕೆಳಗಿನ ಮಲಯಾಳಿ ಅಣ್ಣ ಮಗ್ಗುಲು ಬದಲಿಸಿದರೆ ನನಗೆ ಭೂಕಂಪ.

ಎರಡನೇ ವಾರ: ತಣ್ಣೀರಿನ ನಲ್ಲಿ ತಿರುಗಿಸಿದರೆ ಸುಡುನೀರು! ತಾರಸಿಯ ಟ್ಯಾಂಕ್ ಹಗಲೆಲ್ಲ ಬಿಸಿಲಲ್ಲಿ ಬೇಯುತ್ತದಲ್ಲ. ಅಣ್ಣ ಗುಟ್ಟು ಹೇಳಿದರು: ಗೀಸರ್ ಸ್ವಿಚ್ ಆರಿಸಿಟ್ಟರೆ ಅದರೊಳಗಿನ ನೀರು ನೆರಳಲ್ಲಿ ನಿಂತು ತಣ್ಣಗಾಗುತ್ತದೆ. ಆಮೇಲೆ ಬಿಸಿನೀರಿನ ನಲ್ಲಿ ತಿರುಗಿಸಬೇಕು. ಆದರೆ ಒಬ್ಬರು ಮಿಂದು ಖಾಲಿಯಾದಷ್ಟೂ ಟ್ಯಾಂಕಿನ ಸುಡುನೀರೇ ಬಂದು ತುಂಬುತ್ತದೆ. ಮೊದಲು ಹೋದವನಿಗೆ ಗಂಗಾಸ್ನಾನ, ಕೊನೆಯವನಿಗೆ ಅಭ್ಯಂಜನ.

ಮೂರನೇ ವಾರ: ಹುತ್ತೂರಿನಿಂದ ಅಮ್ಮನ ಫೋನು. ಅಲ್ಲಿ ಐದೂವರೆ, ಇಲ್ಲಿ ನಾಲ್ಕು. ಬೈಯಲಿಲ್ಲ, ಸ್ನಾನದ ಸಾಲಿಗೆ ಅದೇ ಅಲಾರಂ. ಸುಡುನೀರಿನ ಗೋಳು ಹೇಳಿಕೊಂಡು, ಸಮುದ್ರದ ಉಪ್ಪು ತೆಗೆದು ನೀರು ಕೊಡ್ತಾರೆ ಅಂದೆ. "ನಮ್ಮಲ್ಲಿ ಸಾವಿರ ಅಡಿ ಕೊರೆಸಿದ್ರೂ ಧೂಳೇ ಬರೋದು. ಅಲ್ಲಿ ಸಮುದ್ರಾನೇ ಸೋಸ್ತಾರೇನೋ? ಹಂಗಾದ್ರೆ ಆರಿಸಿ ಕೊಡೋಕೇನು ರೋಗ?" ಅಂದಳು.

ನಾಲ್ಕನೇ ವಾರ: ರೂಮಿಗೆ ಹೊಸ ಹುಡುಗ ಬಂದ. ನಲ್ಲಿ ಮುಟ್ಟಿ ಕಿರುಚಿ, "ತಣ್ಣೀರು ಎಲ್ಲಿ ಸಿಗುತ್ತೆ ಅಣ್ಣಾ?" ಎಂದ.

"ಹೇಳ್ತೀನಿ ತಮ್ಮಾ, ನನ್ನ ಸ್ನಾನ ಮುಗೀಲಿ," ಎಂದೆ.