ಮೂರನೇ ಸಾಲು, ಎಡದಿಂದ ಏಳನೆಯವ

ಕಾಲೇಜಿನ ಗ್ರೂಪ್ ಫೋಟೋದಿಂದ ಹಳೆಯ ಗೆಳೆಯನೊಬ್ಬನನ್ನು ತೆಗೆಯುವುದು ಫೋಟೋ ಸ್ಟುಡಿಯೋದ ಕೆಲಸಗಳಲ್ಲಿ ನೋಡಲು ಸಣ್ಣದು, ಮಾಡಲು ತೊಡಕಿನದು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿಗೆ ತನಗೇನು ಬೇಕೆಂಬುದು ಗೊತ್ತಿರುತ್ತದೆ. ಈ ಕೆಲಸಕ್ಕೆ ಬಂದವನಿಗೆ ಏನು ಬೇಡ ಎಂಬುದಷ್ಟೇ ಗೊತ್ತಿರುತ್ತದೆ. ಕಾರಣವನ್ನು ಆತ ಹೇಳುವುದಿಲ್ಲ, ಹೇಳಿದರೂ ಪೂರ್ತಿ ಹೇಳುವುದಿಲ್ಲ. ನಿಪ್ಪಾಣಿಯ ಕಡೆಯಾದರೆ ತಂಬಾಕಿನ ವ್ಯವಹಾರ ಇರಬಹುದು. ರಾಯಬಾಗ, ಕಾಗವಾಡದ ಕಡೆಯಾದರೆ ಕಬ್ಬು ಕಡಿಯುವ ಪಾಳಿ. ಅಥಣಿಯ ಕಡೆಗೆ ಹೊಲದ ಬದು. ಚಿಕ್ಕೋಡಿ ಪಟ್ಟಣದಲ್ಲಿ ಇಬ್ಬರೂ ಒಂದೇ ನೌಕರಿಗೆ ಅರ್ಜಿ ಹಾಕಿ ಒಬ್ಬನಿಗೇ ಸಿಕ್ಕದ್ದು. ಕೈಗಡ ಮಾತ್ರ ಐದೂ ತಾಲೂಕುಗಳಿಗೆ ಸಮಾನ. ಅನುಭವಿ ಫೋಟೋಗ್ರಾಫರ್ ಇದಾವುದನ್ನೂ ಕೇಳಲು ಹೋಗುವುದಿಲ್ಲ. ಅವನು ಕೇಳುವುದು ಒಂದೇ ಪ್ರಶ್ನೆ: “ಎಷ್ಟನೇ ಸಾಲಿನ್ಯಾಗ ಅದಾನ್ರಿ?”

ಆ ಪ್ರಶ್ನೆಯಲ್ಲೇ ಅರ್ಧ ಕೆಲಸದ ಅಂದಾಜು ಸಿಗುತ್ತದೆ. ಸಾಲಿನ ತುದಿಯಲ್ಲಿ ನಿಂತವನನ್ನು ತೆಗೆಯುವುದು ಸುಲಭ. ಫೋಟೋದ ಅಂಚನ್ನು ಒಂದಿಷ್ಟು ಕತ್ತರಿಸಿದರೆ ಮುಗಿಯಿತು, ಇಲ್ಲವೇ ಹಿಂದಿನ ಗೋಡೆಯನ್ನೋ ಬೇವಿನ ಮರವನ್ನೋ ಅವನ ಮೇಲೆ ಎಳೆದರೆ ಆಯಿತು. ಈ ವಿದ್ಯೆಯ ಅತ್ಯಂತ ಪ್ರಸಿದ್ಧ ಉದಾಹರಣೆಯೂ ಅಂಚಿನದೇ. 1937ರಲ್ಲಿ ಮಾಸ್ಕೋ-ವೋಲ್ಗಾ ಕಾಲುವೆಯ ದಂಡೆಯಲ್ಲಿ ತೆಗೆದ ಫೋಟೋದಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ, ಚಿತ್ರದ ತುದಿಗೆ, ಗುಪ್ತ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಜೋವ್ ಇದ್ದ. 1940ರಲ್ಲಿ ಅವನಿಗೆ ಮರಣದಂಡನೆಯಾಯಿತು; ಆಮೇಲಿನ ಪ್ರತಿಗಳಲ್ಲಿ ಅವನಿದ್ದ ಜಾಗದಲ್ಲಿ ಕಾಲುವೆಯ ನೀರು ಹರಿಯಿತು. ಆಗ ಕಂಪ್ಯೂಟರ್ ಇರಲಿಲ್ಲ. ಚೂರಿಯಿಂದ ಕೆರೆದು, ಬಣ್ಣ ಸಿಂಪಡಿಸಿ, ಅಂಟಿಸಿ, ಅದನ್ನೇ ಮತ್ತೊಮ್ಮೆ ಫೋಟೋ ಹೊಡೆಯುತ್ತಿದ್ದರು. ಆದರೂ ಹಿನ್ನೆಲೆಯಲ್ಲಿ ಬರೀ ನೀರಿದ್ದದ್ದು ಆ ಕೆಲಸಗಾರನ ಪುಣ್ಯ. ಯೆಜೋವನ ಹಿಂದೆ ಬಿ.ಎ. ಕೊನೆಯ ವರ್ಷದ ಹದಿನಾಲ್ಕು ಹುಡುಗರು ಬೆಂಚಿನ ಮೇಲೆ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು.

ಅಂಚಿನಲ್ಲೂ ಒಂದು ಅಪಾಯ ಇದೆ. ತುದಿಗೆ ನಿಂತವನ ಮುಂದೆ ಯಾರೂ ಇರುವುದಿಲ್ಲವಾದ್ದರಿಂದ ಅವನು ಪಾದದವರೆಗೂ ಕಾಣುತ್ತಾನೆ. ಮುಖ, ಮೈ ತೆಗೆಯುವ ಉತ್ಸಾಹದಲ್ಲಿ ನೆಲದ ಮೇಲಿನ ನೆರಳನ್ನೋ, ಅಥಣಿಯ ಕಡೆ ಹೊಲಿದ ಒಂದು ಜೊತೆ ಚಪ್ಪಲಿಯನ್ನೋ ಮರೆತರೆ, ಫೋಟೋದಲ್ಲಿ ದೇವಸ್ಥಾನದ ಬಾಗಿಲ ದೃಶ್ಯ ಉಳಿಯುತ್ತದೆ. ಪ್ರಾಗ್ ನಗರದ ಒಂದು ಫೋಟೋಕ್ಕೂ ಇಂಥದೇ ಖ್ಯಾತಿ ಇದೆ. ಮಿಲನ್ ಕುಂದೇರಾ ಕಾದಂಬರಿಯೊಂದರ ಆರಂಭದಲ್ಲಿ ಹೇಳುವ ಪ್ರಕಾರ, 1948ರ ಫೆಬ್ರವರಿಯ ಚಳಿಯಲ್ಲಿ ಕ್ಲೆಮೆಂಟಿಸ್ ಎಂಬ ನಾಯಕ ತನ್ನ ಟೋಪಿಯನ್ನು ತೆಗೆದು ಗಾಟ್‌ವಾಲ್ಡ್ ಎಂಬ ದೊಡ್ಡ ನಾಯಕನ ತಲೆಗಿಟ್ಟ. ಮುಂದೆ ಕ್ಲೆಮೆಂಟಿಸ್‌ನನ್ನು ನೇಣಿಗೇರಿಸಿ ಫೋಟೋದಿಂದಲೂ ಅಳಿಸಿದರು, ಟೋಪಿ ಮಾತ್ರ ಗಾಟ್‌ವಾಲ್ಡನ ತಲೆಯ ಮೇಲೆಯೇ ಉಳಿಯಿತು.

ಕಷ್ಟ ಇರುವುದು ನಡುವೆ ನಿಂತವರಲ್ಲಿ. ಚಿಕ್ಕೋಡಿಯ ಒಂದು ಸ್ಟುಡಿಯೋಕ್ಕೆ ಬಂದ ಗಿರಾಕಿಯ ಕಥೆಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಫೋಟೋದಲ್ಲಿ ನಾಲ್ಕು ಸಾಲು. ನೆಲದ ಮೇಲೆ ಕೂತವರು, ಕುರ್ಚಿಯ ಮೇಲೆ ಪ್ರಾಚಾರ್ಯರೂ ಸಿಬ್ಬಂದಿಯೂ, ಹಿಂದೆ ನಿಂತ ಮೂರನೇ ಸಾಲು, ಅದರ ಹಿಂದೆ ಬೆಂಚಿನ ಮೇಲೆ ಹತ್ತಿದ ನಾಲ್ಕನೇ ಸಾಲು. ಮೂರನೇ ಸಾಲಿನಲ್ಲಿ ಹದಿನಾರು ಜನ. ಎಡದಿಂದ ಎಂಟನೆಯವನು ಗಿರಾಕಿ, ಏಳನೆಯವನು ತೆಗೆಯಬೇಕಾದವನು. ಹಾಗೆ ನಿಂತದ್ದು ಆಕಸ್ಮಿಕವೇನೂ ಅಲ್ಲ. ಮೂರು ವರ್ಷ ಒಂದೇ ಬೆಂಚು, ಒಂದೇ ಬಸ್ಸು. ಫೋಟೋದ ದಿನಕ್ಕೆಂದು ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ಥಾನಿನಿಂದ ಚೌಕಳಿ ಬಟ್ಟೆ ಹರಿಸಿ, ಒಬ್ಬನೇ ಸಿಂಪಿಗನ ಕೈಯಲ್ಲಿ ಅಂಗಿ ಹೊಲಿಸಿದ್ದರು. ಅಷ್ಟು ಸಾಲದೆಂದು ಏಳನೆಯವನು ತನ್ನ ಎಡಗೈಯನ್ನು ಎಂಟನೆಯವನ ಕತ್ತಿನ ಹಿಂದಿನಿಂದ ಹಾಯಿಸಿ, ಆಚೆಯ ಹೆಗಲ ಮೇಲೆ ನಾಲ್ಕು ಬೆರಳು ಕಾಣುವಂತೆ ಇಟ್ಟಿದ್ದ.

“ಇಂವನ್ನ ತಗದ ಬಿಡ್ರಿ, ಅಣ್ಣಾರ,” ಎಂದ ಗಿರಾಕಿ.

“ಕೈ ನಿಮ್ಮ ಹೆಗಲ ಮ್ಯಾಲ ಐತೆಲ್ಲರೀ.”

“ಅದನ್ನ ಮೊದಲ ತಗೀರಿ.”

ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಫೋಟೋಗ್ರಾಫರ್ ಮುದ್ರಿತ ಪ್ರತಿಯನ್ನು ಬದಿಗಿಟ್ಟು ಮೂಲ ಫೈಲನ್ನು ಹುಡುಕುತ್ತಾನೆ. ವಾಟ್ಸಾಪಿನಲ್ಲಿ ಓಡಾಡಿದ ಪ್ರತಿ ಉಪಯೋಗಕ್ಕಿಲ್ಲ. ಅದು ದಾರಿಯಲ್ಲೇ ಕುಗ್ಗಿಹೋಗಿರುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ ಇರುತ್ತದೆ. ಹದಿನಾರು ಜನ ಹಂಚಿಕೊಂಡರೆ ಒಬ್ಬನ ಪಾಲಿಗೆ ಸುಮಾರು 375. ಮುಖಕ್ಕೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಇಷ್ಟರಲ್ಲೇ ಕಿವಿ, ಕೂದಲು, ಕಾಲರು ಎಲ್ಲವನ್ನೂ ಬಿಡಿಸಬೇಕು.

ಮೂಲ ಫೈಲಿನ ಫೋಲ್ಡರಿನಲ್ಲಿ ಇನ್ನೊಂದು ಸಂಪತ್ತೂ ಇರುತ್ತದೆ. ಗ್ರೂಪ್ ಫೋಟೋವನ್ನು ಯಾರೂ ಒಂದೇ ಸಲ ಹೊಡೆಯುವುದಿಲ್ಲ. ಅರವತ್ತು ಜನರಲ್ಲಿ ಒಬ್ಬರಾದರೂ ಕಣ್ಣು ಮುಚ್ಚುತ್ತಾರೆ. ಅವರು ಪ್ರಾಚಾರ್ಯರೇ ಆಗಿರುವ ಸಂಭವ ಹೆಚ್ಚು. ಆದ್ದರಿಂದ ನಾಲ್ಕೈದು ಸಲ ಹೊಡೆದಿರುತ್ತಾರೆ. ಎಲ್ಲಕ್ಕಿಂತ ಮೊದಲು, ಹುಡುಗರು ಬಂದು ನಿಲ್ಲುವ ಮುಂಚೆ, ಬೆಳಕು ನೋಡಲೆಂದು ಖಾಲಿ ಕುರ್ಚಿ ಬೆಂಚುಗಳದೊಂದು ಫೋಟೋ ಹೊಡೆದಿರುತ್ತಾರೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆಯೇ ಇದ್ದರೆ ಆ ಖಾಲಿ ಫೋಟೋ ಈಗ ಚಿನ್ನ. ಯಾರನ್ನು ತೆಗೆದರೂ ಅವನ ಹಿಂದೆ ನಿಜವಾಗಿ ಏನಿತ್ತು ಎಂಬುದು ಅದರಲ್ಲಿದೆ. ಫೋಟೋಶಾಪ್‌ನಲ್ಲಿ 2010ರಿಂದ, ಗುರುತಿಸಿದ ಜಾಗವನ್ನು ಅಕ್ಕಪಕ್ಕ ನೋಡಿ ತಾನೇ ತುಂಬಿಕೊಡುವ ಸೌಲಭ್ಯ ಬಂದಿದೆ. ಗೋಡೆ, ಆಕಾಶ, ಹುಲ್ಲಿನ ಮಟ್ಟಿಗೆ ಅದು ನಂಬಿಕಸ್ಥ. ಗ್ರೂಪ್ ಫೋಟೋದಲ್ಲಿ ಅದಕ್ಕೆ ಅಕ್ಕಪಕ್ಕ ಕಾಣುವುದು ಬರೀ ಮುಖಗಳಾದ್ದರಿಂದ, ಖಾಲಿ ಜಾಗಕ್ಕೆ ಆರನೆಯವನ ಒಂದು ಕಿವಿಯನ್ನೂ ಒಂಬತ್ತನೆಯವನ ಅರ್ಧ ಮೀಸೆಯನ್ನೂ ಉದಾರವಾಗಿ ದಾನ ಮಾಡುತ್ತದೆ.

ಏಳನೆಯವನನ್ನು ಸುಮ್ಮನೆ ಅಳಿಸಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಸಾಲು ಕಾಣುತ್ತದೆ. ಮೇಲಾಗಿ ನಾಲ್ಕನೇ ಸಾಲಿನಲ್ಲಿ ಅವನ ಹಿಂದೆ ನಿಂತವನ ಎದೆ, ಹೊಟ್ಟೆ ಇದ್ದಕ್ಕಿದ್ದಂತೆ ಬಯಲಿಗೆ ಬರಬೇಕು, ಆದರೆ ಫೋಟೋದಲ್ಲಿ ಅವನಿಗೆ ಹೊಟ್ಟೆಯೇ ಇಲ್ಲ. ಕ್ಯಾಮೆರಾ ಅದನ್ನು ಯಾವತ್ತೂ ಕಂಡಿರಲಿಲ್ಲ. ಆದ್ದರಿಂದ ಬಲ್ಲವರು ತೆರವಾದ ಜಾಗವನ್ನು ತುಂಬುವುದಿಲ್ಲ, ಸಾಲನ್ನು ಸರಿಸುತ್ತಾರೆ. ಒಂದರಿಂದ ಆರರವರೆಗಿನ ಹುಡುಗರನ್ನು ಕತ್ತರಿಸಿ, ಬಲಕ್ಕೆ ಸರಿಯಾಗಿ ಒಬ್ಬನ ಜಾಗದಷ್ಟು ತಳ್ಳಬೇಕು. ಒಬ್ಬನಷ್ಟೇ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಹಿಂದಿನ ಸಾಲಿನವರನ್ನು ಮುಂದಿನವರ ತಲೆಗಳ ನಡುವಿನ ಸಂದಿಯಲ್ಲಿ ನಿಲ್ಲಿಸಿರುತ್ತಾರೆ. ಅರ್ಧ ಸರಿದರೆ ಆರು ತಲೆಗಳು ಹಿಂದಿನ ಆರು ಮುಖಗಳಿಗೆ ಅಡ್ಡ ಬರುತ್ತವೆ. ಪೂರ್ತಿ ಸರಿದರೆ ಸಂದಿಗೆ ಸಂದಿ ಕೂಡುತ್ತದೆ. ಸರಿದ ಮೇಲೆ ಎಡ ತುದಿಯಲ್ಲಿ ಖಾಲಿಯಾಗುವ ಜಾಗಕ್ಕೆ ಆ ಖಾಲಿ ಬೆಂಚಿನ ಫೋಟೋದ ಗೋಡೆ ಬರುತ್ತದೆ. ಹೇಳಲು ಇಷ್ಟೇ. ಕೂದಲಿನ ಅಂಚು ಬಿಡಿಸುವುದಕ್ಕೇ ಒಂದು ಮಧ್ಯಾಹ್ನ ಹಿಡಿಯುತ್ತದೆ.

ಉಳಿದದ್ದು ಹೆಗಲು. ಬೆರಳುಗಳಿದ್ದ ಎಡಹೆಗಲಿಗೆ ಹೊಸ ಬಟ್ಟೆ ಬೇಕು. ಸಾಮಾನ್ಯವಾಗಿ ಅದೇ ಮನುಷ್ಯನ ಬಲಹೆಗಲನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೂಡಿಸುತ್ತಾರೆ. ತಿರುಗಿಸುವಾಗ ಎಚ್ಚರ ತಪ್ಪಿ ಎದೆಯವರೆಗೂ ಎಳೆದುಕೊಂಡರೆ ಜೇಬು ಎರಡಾಗುತ್ತವೆ, ಪೆನ್ನೂ ಎರಡಾಗುತ್ತವೆ. ಈ ಪ್ರಕರಣದಲ್ಲಿ ಬಲಹೆಗಲೂ ಕೆಲಸಕ್ಕೆ ಬರಲಿಲ್ಲ. ಬೆಳಗಿನ ಬಿಸಿಲು ಎಡಗಡೆಯಿಂದ ಬಿದ್ದು, ಏಳನೆಯವನ ತಲೆಯ ನೆರಳು ಎಂಟನೆಯವನ ಬಲಹೆಗಲ ಮೇಲೆ ಗುಂಡಗೆ ಕೂತಿತ್ತು. ಒಂದು ಹೆಗಲ ಮೇಲೆ ಗೆಳೆಯನ ಕೈ, ಇನ್ನೊಂದರ ಮೇಲೆ ಗೆಳೆಯನ ನೆರಳು. ಚೌಕಳಿ ಅಂಗಿಯಾದ್ದರಿಂದ ಬೇರೆ ಯಾರ ಹೆಗಲೂ ಹೊಂದುವುದಿಲ್ಲ. ಇಡೀ ಫೋಟೋದಲ್ಲಿ ಆ ಬಟ್ಟೆಯ ಸ್ವಚ್ಛವಾದ ಹೆಗಲು ಇದ್ದದ್ದು ಒಂದೇ ಒಂದು: ಏಳನೆಯವನ ಬಲಹೆಗಲು.

ಫೋಟೋಗ್ರಾಫರ್ ಅದನ್ನೇ ತಿರುಗಿಸಿ ಗಿರಾಕಿಯ ಎಡಕ್ಕೆ ಹಾಕಿದ, ಬಿಸಿಲಿನ ಕಡೆಯ ಬಟ್ಟೆ ಮರೆಗೆ ಬಂದದ್ದರಿಂದ ಒಂದು ಪಾವು ಕಪ್ಪು ಮಾಡಿದ. ಬಲಗಡೆಯ ನೆರಳನ್ನು ತಿಳಿಯಾಗಿಸಿದ. ಇಂಥ ಕೆಲಸದಲ್ಲಿ ಕಳ್ಳತನ ಸಿಕ್ಕಿಬೀಳುವುದು ಮೂರು ಕಡೆ. ಗೋಡೆಯ ಒಂದೇ ಕಲೆ ಎರಡು ಜಾಗದಲ್ಲಿ ಕಾಣುವುದು, ಎಲ್ಲರ ನೆರಳು ಒಂದು ಕಡೆಗಿದ್ದು ಒಬ್ಬನದು ಮಾತ್ರ ಇನ್ನೊಂದು ಕಡೆಗಿರುವುದು, ಮುಟ್ಟಿದ ಜಾಗ ಉಳಿದದ್ದಕ್ಕಿಂತ ನುಣುಪಾಗಿರುವುದು. ಮೂರನ್ನೂ ನೂರಕ್ಕೆ ಇನ್ನೂರರ ಗಾತ್ರದಲ್ಲಿ ಹಿಗ್ಗಿಸಿ ನೋಡಿ ಆಯಿತು. ಗಿರಾಕಿಗೆ ಹೆಗಲಿನ ಮೂಲವನ್ನು ಹೇಳಲಿಲ್ಲ. ಕಾರಣ ಕೇಳದವನು ಸಾಮಗ್ರಿಯ ಲೆಕ್ಕವನ್ನೂ ಕೊಡಬೇಕಿಲ್ಲ ಎಂಬುದು ನ್ಯಾಯವೇ.

12 ಇಂಚಿಗೆ 18 ಇಂಚಿನ ಪ್ರತಿ ಚೌಕಟ್ಟಿನೊಳಗೆ ಬಂತು. ಗಿರಾಕಿ ಬೆಳಕಿಗೆ ಹಿಡಿದು ನೋಡಿದ, ತನ್ನ ಹೆಗಲನ್ನು ನೋಡಿ ತೃಪ್ತನಾದ, ರೊಕ್ಕ ಕೊಟ್ಟು ಹೋದ. ಮರುದಿನ ಚೌಕಟ್ಟು ವಾಪಸ್ಸು ಬಂತು.

ಇಬ್ಬರೂ ಮರೆತದ್ದು ಫೋಟೋದ ಕೆಳಗಿನ ಹೆಸರುಗಳನ್ನು. ಕುಳಿತವರು, ನಿಂತವರು, ಎಡದಿಂದ ಬಲಕ್ಕೆ ಎಂದು ಪ್ರತಿ ಸಾಲಿನವರ ಹೆಸರು ಅಲ್ಲಿ ಅಚ್ಚಾಗಿರುತ್ತದೆ. ಮೂರನೇ ಸಾಲಿನಲ್ಲಿ ಈಗ ತಲೆ ಹದಿನೈದು, ಹೆಸರು ಹದಿನಾರು. ಮೊದಲ ಆರು ಜನಕ್ಕೆ ತೊಂದರೆಯಿಲ್ಲ. ಏಳನೆಯ ತಲೆಯಿಂದ ಮುಂದೆ ಎಲ್ಲರೂ ತಮ್ಮ ಪಕ್ಕದವನ ಹೆಸರನ್ನು ಹೊತ್ತಿದ್ದಾರೆ, ಕೊನೆಯ ಹೆಸರಿಗೆ ಮನುಷ್ಯನೇ ಇಲ್ಲ. ಮನೆಯಲ್ಲಿ ಗಿರಾಕಿಯ ಮಗಳು ಬೆರಳಿಟ್ಟು ಎಣಿಸಿ ಅಪ್ಪನನ್ನು ಹುಡುಕಿದಳು. ಅಪ್ಪನಿದ್ದದ್ದು ಏಳನೆಯ ಜಾಗದಲ್ಲಿ. ಏಳನೆಯ ಹೆಸರನ್ನು ಗಟ್ಟಿಯಾಗಿ ಓದಿದಳು.

ಹೀಗೆ ಆ ಪ್ರತಿಯಲ್ಲಿ ಗಿರಾಕಿ ನಿಂತದ್ದು ಗೆಳೆಯನ ಹೆಸರಿನಲ್ಲಿ, ಗೆಳೆಯನ ಹೆಗಲಿನೊಂದಿಗೆ. ಹೆಸರಿನ ಪಟ್ಟಿಯನ್ನು ಹೊಸದಾಗಿ ಜೋಡಿಸಿ ಎರಡನೇ ಪ್ರತಿ ಕೊಡಲಾಯಿತು. ಹೆಗಲು ಹಾಗೆಯೇ ಇದೆ. ಕಾಲೇಜಿನ ಆಫೀಸಿನ ಗೋಡೆಯ ಮೇಲೆ, ಉಳಿದ ಸಹಪಾಠಿಗಳ ಮನೆಗಳಲ್ಲಿ ಮೊದಲಿನ ಫೋಟೋ ಹದಿನಾರು ಜನರೊಂದಿಗೆ ಇದ್ದೇ ಇದೆ, ಏಳನೆಯವನ ಮನೆಯಲ್ಲೂ. ಆತ ತನ್ನ ಪ್ರತಿಯನ್ನು ತೆಗೆದುಕೊಂಡು ಯಾವ ಸ್ಟುಡಿಯೋಕ್ಕೂ ಬಂದಿಲ್ಲ. ಗ್ರೂಪ್ ಫೋಟೋದಿಂದ ಯಾರನ್ನಾದರೂ ತೆಗೆಸಲು ಬರುವವರು ದಯವಿಟ್ಟು ಕೆಳಗಿನ ಹೆಸರಿನ ಪಟ್ಟಿಯನ್ನೂ ಮೊದಲೇ ತೋರಿಸಬೇಕು.