ಟಂಟಂಗೆ ಎಲ್ಲಿಯ ರಸೀದಿ?

(ಬಾಗಲಕೋಟೆಯ ಒಂದು ಕಚೇರಿ. ಅಕೌಂಟೆಂಟ್, ಮಾರಾಟದ ಹುಡುಗ.)

"ಬದಾಮಿ ಸ್ಟೇಷನ್‌ದಿಂದ ಊರಿಗೆ ಟಂಟಂ, 20 ರೂಪಾಯಿ. ರಸೀದಿ?"

"ಕಳದೈತ್ರಿ, ಸಾಹೇಬ್ರ."

"ಟಂಟಂದವ ಕೊಟ್ಟಿದ್ನೇನು?"

"ಇಲ್ರಿ. ಕೇಳಿದ್ರ ನಕ್ಕ."

"ಕೊಡದ್ದು ಹೆಂಗ ಕಳೀತೈತಿ? ಹಿಂಗ ಬರಿ: 'ಸ್ಟೇಷನ್ ಊರಿಂದ ಸುಮಾರು 5 ಕಿಲೋಮೀಟರ್ ದೂರ. ಶೇರ್ ಟಂಟಂದಲ್ಲಿ ಹೋದೆ. ರಸೀದಿ ಕೊಡುವ ಪದ್ಧತಿ ಇಲ್ಲ. ಈ ಹಣ ಬೇರೆಲ್ಲೂ ಪಡೆದಿಲ್ಲ.' ತಾರೀಖು ಹಾಕಿ ಸಹಿ ಮಾಡು."

"ಇಳಕಲ್ ಲಾಡ್ಜಿಂದು ಖರೇನ ಕಳದೈತ್ರಿ."

"ಅದಕ್ಕ 'ಕಳೆದಿದೆ' ಅಂತ ಬರಿ. ಲಾಡ್ಜಿಗೆ ಫೋನ್ ಹಚ್ಚಿ ನಕಲು ತರಸು, ಫೋನ್‌ಪೇ ದಾಖಲೆ ಜೋಡಸು. ಮತ್ತ ಹುನಗುಂದದಾಗ ಊಟ, 500?"

"ಅದಕ್ಕೂ ರಸೀದಿ ಇಲ್ರಿ."

"ಎಷ್ಟ್ ಮಂದಿ ಉಂಡ್ರಿ?"

"ನಾ ಒಬ್ಬನರಿ."

"ಹಂಗಾರ 120 ಬರಿ. ರಸೀದಿ ಕಳದ್ರ ನಕಲು ಸಿಗತೈತಿ, ನಂಬಿಕಿ ಕಳದ್ರ ಸಿಗೂದಿಲ್ಲ."