ಕುಟ್ಟದೆ ನುಂಗಿದ ಅಗಸೆ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ನಡಿಗೆ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ಹಿರಿಯರ ಸಭೆಗೆ ಮೊದಲು ಮೂರೇ ವಿಷಯಗಳಿದ್ದವು: ನೀರಿನ ಟ್ಯಾಂಕರು, ಅಮೆರಿಕದ ಮಗಳು ಮತ್ತು ಮೊಣಕಾಲು. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ, ಬೀಜ. ಯಾರು ಯಾವ ಬೀಜ ತಿನ್ನುತ್ತಾರೆ, ಎಷ್ಟು ಚಮಚ, ಖಾಲಿ ಹೊಟ್ಟೆಗೋ ಕಾಫಿಯ ಮೇಲೋ ಎಂಬುದರ ಬಗ್ಗೆ ಗಂಭೀರ ಚರ್ಚೆ ನಡೆಯುತ್ತದೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಒಂದು ಚಮಚ ಅಗಸೆ ಬೀಜವನ್ನು ಇಡಿಯಾಗಿ ಬಾಯಿಗೆ ಸುರಿದುಕೊಂಡು, ಮೇಲೆ ನೀರು ಕುಡಿದು, "ಇವತ್ತಿನ ಒಮೆಗಾ-3 ಆಯಿತು" ಎಂದು ಘೋಷಿಸುತ್ತಾರೆ. ಜಮಾ ಆದದ್ದೇನೋ ನಿಜ. ಆದರೆ ಈ ಖಾತೆಯಿಂದ ಹಣ ತೆಗೆಯಲು ಬರುವುದಿಲ್ಲ ಎಂಬುದನ್ನು ಮ್ಯಾನೇಜರರಿಗೆ ಯಾರು ಹೇಳಬೇಕು?

ಹೇಳಿದವರು ನಮ್ಮ ದೊಡ್ಡವ್ವ. ಧಾರವಾಡದಿಂದ ಬಂದವರು ನನ್ನ ಜೊತೆ ಪಾರ್ಕಿಗೂ ಬಂದಿದ್ದರು. ಡಬ್ಬಿಯನ್ನೂ ಚಮಚವನ್ನೂ ನೋಡಿ ಅವರು ತಡೆಯಲಾರದೆ ಕೇಳಿಯೇ ಬಿಟ್ಟರು: "ಅಲ್ರೀ ಸಾಹೇಬ್ರ, ಕುಟ್ಟಲಾರದ ಅಗಸಿ ತಿಂದ್ರ ಏನ್ ಬಂತ್ರೀ? ಹೆಂಗ ಹೋಗಿರ್ತದ, ಹಂಗ ಹೊರಗ ಬರ್ತದ." ಸಭೆ ಕ್ಷಣಕಾಲ ಮೌನವಾಯಿತು. ನಾನು ವಿಷಯವನ್ನು ಟ್ಯಾಂಕರಿನ ಕಡೆ ತಿರುಗಿಸಿದೆ.

ದೊಡ್ಡವ್ವನ ಮಾತು ಒರಟಾಗಿದ್ದರೂ ಅಳತೆ ತಪ್ಪಿದ್ದಲ್ಲ. ಅಗಸೆ ಬೀಜವನ್ನು ಅಂಗೈಯಲ್ಲಿಟ್ಟು ನೋಡಿ: ನುಣುಪು, ಹೊಳಪು, ಚಪ್ಪಟೆ. ಆ ಹೊಳಪಿನ ಕೆಳಗಿರುವುದು ಗಟ್ಟಿ ಸಿಪ್ಪೆ. ಸಿಪ್ಪೆಯ ಹೊರಮೈಯಲ್ಲಿ ನೀರು ತಾಗಿದರೆ ಲೋಳೆಯಾಗುವ ನಾರಿದೆ, ಒಳಗೆ ತಿರುಳು. ಬೀಜದ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಎಣ್ಣೆ. ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ, ಅಂದರೆ ಸಸ್ಯಗಳ ಒಮೆಗಾ-3. ಅದೆಲ್ಲ ಇರುವುದು ಒಳಗೆ. ನಮ್ಮ ಜೀರ್ಣರಸಗಳಿಗೆ ಆ ಸಿಪ್ಪೆಯನ್ನು ಒಡೆಯುವ ಶಕ್ತಿ ಇಲ್ಲ. ಹಲ್ಲು ಒಡೆಯಬಹುದು, ಆದರೆ ಒಂದು ಚಮಚದಲ್ಲಿ ಸಾವಿರಕ್ಕೂ ಹೆಚ್ಚು ಬೀಜಗಳಿರುತ್ತವೆ, ಒಂದೊಂದೂ ಜಾರುತ್ತದೆ. ಅಷ್ಟನ್ನೂ ಅಗಿಯುವ ತಾಳ್ಮೆ ಇದ್ದವರು ಬೇರೆ ಏನನ್ನಾದರೂ ಸಾಧಿಸಿರುತ್ತಾರೆ.

"ರಾತ್ರಿ ನೆನೆಸಿಟ್ಟರೆ ಸಾಲದೇ?" ಎಂದು ಕೇಳುವವರಿದ್ದಾರೆ. ನೆನೆಸಿದರೆ ಹೊರಗಿನ ನಾರು ನೀರು ಹೀರಿ ಲೋಳೆಯಾಗುತ್ತದೆ. ಮಲಬದ್ಧತೆಯವರಿಗೆ ಅದರಿಂದ ಅನುಕೂಲವೂ ಇದೆ. ಸಿಪ್ಪೆ ಮಾತ್ರ ಹಾಗೆಯೇ ಇರುತ್ತದೆ. ಒಮೆಗಾ-3 ಬೇಕೆಂದು ತಿನ್ನುವವರಿಗೆ ಲೋಳೆಯ ಸಮಾಧಾನ ಸಿಗುತ್ತದೆ, ಎಣ್ಣೆ ಸಿಗುವುದಿಲ್ಲ.

ಇದನ್ನು ಕೆನಡಾದ ವಿನಿಪೆಗ್‌ನಲ್ಲಿ ಅಳೆದು ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಜನರಿಗೆ ಮಫಿನ್ ತಿನ್ನಿಸಿದರು: ಕೆಲವರ ಮಫಿನ್ನಿನಲ್ಲಿ ಇಡೀ ಅಗಸೆ, ಕೆಲವರದರಲ್ಲಿ ಪುಡಿ, ಇನ್ನು ಕೆಲವರದರಲ್ಲಿ ಎಣ್ಣೆ. ಪುಡಿ ಮತ್ತು ಎಣ್ಣೆ ತಿಂದವರ ರಕ್ತದಲ್ಲಿ ಆ ಆಮ್ಲ ಎದ್ದು ಕಾಣುವಂತೆ ಏರಿತು. ಇಡೀ ಬೀಜದವರಲ್ಲಿ ಹೇಳಿಕೊಳ್ಳುವಂಥ ಏರಿಕೆಯೇ ಆಗಲಿಲ್ಲ. ಅಗಸೆಯಲ್ಲಿ ಲಿಗ್ನಾನ್ ಎಂಬ ಇನ್ನೊಂದು ವಸ್ತುವಿದೆ. ಕರುಳಿನ ಸೂಕ್ಷ್ಮಜೀವಿಗಳು ಅದನ್ನು ರೂಪಾಂತರಿಸಿದ ಮೇಲೆಯೇ ಅದು ಮೈಗೆ ಸೇರುವುದು. ಅದರ ಲೆಕ್ಕವನ್ನು 2005ರಲ್ಲಿ ನೆದರ್‌ಲೆಂಡ್ಸಿನವರು ಮಾಡಿದರು. ನುಣ್ಣಗೆ ಬೀಸಿದ ಅಗಸೆಯಿಂದ ಮೈಗೆ ಸೇರುವುದು 100 ಎಂದಿಟ್ಟುಕೊಂಡರೆ, ಜಜ್ಜಿದ್ದರಿಂದ 43, ಇಡೀ ಬೀಜದಿಂದ 28. ನನಗೆ ಹಿಡಿಸಿದ್ದು ನಡುವಿನ ಸಂಖ್ಯೆ. ಬೀಜ ಬಿರುಕು ಬಿಟ್ಟರೆ ಸಾಲದು, ಪುಡಿಯಾಗಬೇಕು. ಮಿಕ್ಸಿಯನ್ನು ಗುರ್ ಅನ್ನಿಸಿ ಕೂಡಲೇ ನಿಲ್ಲಿಸಿದವರದು ಅರೆಬರೆ ಲಾಭ.

ಈಗ ಹುರಿಯುವ ಮಾತು. ಪಾರ್ಕಿನವರಿಗೆ ಹುರಿಯುವುದೆಂದರೆ ಭಯ. "ಹುರಿದರೆ ಸತ್ವವೆಲ್ಲ ಸುಟ್ಟುಹೋಗುತ್ತದೆ" ಎನ್ನುತ್ತಾರೆ. ಮಫಿನ್ ಎಂದರೆ ಒವನ್ನಿನಲ್ಲಿ ಬೆಂದದ್ದು ಎಂಬುದನ್ನು ನೆನಪಿಸಿಕೊಳ್ಳಿ. ಬೆಂದ ಮೇಲೂ ಆ ಪುಡಿಯ ಒಮೆಗಾ-3 ರಕ್ತಕ್ಕೆ ಸೇರಿತು. ಅಗಸಿ ಹಿಂಡಿ ಮಾಡುವ ಉತ್ತರ ಕರ್ನಾಟಕದ ಮನೆಗಳಲ್ಲಿ ಯಾರೂ ಹಸಿ ಅಗಸೆ ಕುಟ್ಟುವುದಿಲ್ಲ. ಮೊದಲು ಹುರಿಯುವುದು, ಆಮೇಲೆ ಕುಟ್ಟುವುದು. ಈ ಹಿಂದುಮುಂದಿಗೆ ಕಾರಣಗಳಿವೆ.

ದೊಡ್ಡವ್ವ ಮಾಡುವುದನ್ನು ಹತ್ತಿರ ನಿಂತು ನೋಡಿದ್ದೇನೆ. ಸುಮಾರು 100 ಗ್ರಾಂ ಅಗಸೆ, ದಪ್ಪ ತಳದ ಬಾಣಲೆ, ಸಣ್ಣಕ್ಕಿಂತ ತುಸು ಮೇಲಿನ ಉರಿ, ನಿಲ್ಲದ ಕೈ. ಒಂದೆರಡು ನಿಮಿಷದಲ್ಲಿ ಬೀಜದೊಳಗಿನ ತೇವ ಹಬೆಯಾಗಿ ಸಿಪ್ಪೆಯನ್ನು ಒದೆಯತೊಡಗುತ್ತದೆ. ಚಟಪಟ ಶುರುವಾಗಿ ಒಲೆಯ ಕಟ್ಟೆಯ ಮೇಲೆಲ್ಲ ಸಿಡಿಯುತ್ತದೆ. ಚಟಪಟ ಏರಿ ಇಳಿಯುವ ಹೊತ್ತಿಗೆ ಉರಿ ಆರಿಸಿ, ತಕ್ಷಣ ತಾಟಿಗೆ ಸುರಿಯುತ್ತಾರೆ, ಏಕೆಂದರೆ ಬಾಣಲೆ ತನ್ನ ಕಾವಿನಲ್ಲೇ ಹುರಿಯುವ ಕೆಲಸ ಮುಂದುವರಿಸುತ್ತದೆ. ಒಂದು ಬೀಜ ಬಾಯಿಗೆ ಹಾಕಿದರೆ ಕಟ್ಟೆಂದು ಮುರಿಯಬೇಕು. ಹಲ್ಲಿಗೆ ಅಂಟಿದರೆ ಇನ್ನೂ ಹಸಿ, ಕಹಿಯಾದರೆ ಹೆಚ್ಚಾಯಿತು. ಪೂರ್ತಿ ಆರಿದ ಮೇಲಷ್ಟೇ ಒಳಕಲ್ಲಿಗೆ. ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆಯೂ ಹಬೆಯೂ ಸೇರಿ ಬ್ಲೇಡಿನ ಕೆಳಗೆ ಉಂಡೆಗಟ್ಟುತ್ತದೆ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕೆನ್ನುವುದೂ ಅದಕ್ಕೇ.

ಇಡೀ ಬೀಜವನ್ನು ಹುರಿಯುವಾಗ ಎಣ್ಣೆ ಸಿಪ್ಪೆಯೊಳಗೆ ಭದ್ರವಾಗಿರುತ್ತದೆ, ಕಾದ ಎಣ್ಣೆಗೆ ಗಾಳಿ ಅಷ್ಟಾಗಿ ತಾಗುವುದಿಲ್ಲ. ಪುಡಿ ಮಾಡಿ ಹುರಿಯಲು ಹೊರಟರೆ ಗಾಳಿ ಮತ್ತು ಬೆಂಕಿ ಎರಡೂ ಒಟ್ಟಿಗೆ ಬೀಳುತ್ತವೆ, ಪುಡಿ ಕಣ್ಣೆದುರೇ ಕರಿಯಾಗುತ್ತದೆ. ಹುರಿದ ಸಿಪ್ಪೆ ಗರಿಗರಿಯಾಗಿ ಕುಟ್ಟಿದಾಗ ಸುಲಭವಾಗಿ ಪುಡಿಯಾಗುವುದು ಇನ್ನೊಂದು ಲಾಭ. ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲ. ಹಸಿ ಅಗಸೆಯಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ಕೆಲವು ಸಂಯುಕ್ತಗಳಿವೆ. ಬೀಜ ಒಡೆದು ನೀರು ಸೇರಿದಾಗ ಬೀಜದ್ದೇ ಒಂದು ಕಿಣ್ವ ಅದನ್ನು ಹೊರಗೆಳೆಯುತ್ತದೆ. ಕಾವು ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಸಯನೈಡ್ ಎಂದೊಡನೆ ಪತ್ತೇದಾರಿ ಕಾದಂಬರಿ ನೆನಪಾಗಬೇಕಿಲ್ಲ. ದೊಡ್ಡವರು ದಿನಕ್ಕೆ ಒಂದೆರಡು ಚಮಚ ಹಸಿಪುಡಿ ತಿಂದರೆ ದೇಹ ಅಷ್ಟನ್ನು ನಿಭಾಯಿಸುತ್ತದೆ. ಬಟ್ಟಲುಗಟ್ಟಲೆ ಹಸಿಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುವ ಉತ್ಸಾಹಿಗಳು ಮಾತ್ರ ಹುರಿಯುವುದನ್ನು ಕಲಿಯಬೇಕು.

ಒಂದು ಚಮಚ ಪುಡಿ, ಅಂದರೆ ಸುಮಾರು 7 ಗ್ರಾಂ, ಕೊಡುವುದು ಒಂದೂವರೆ ಗ್ರಾಮಿಗೆ ತುಸು ಹೆಚ್ಚು ಸಸ್ಯ ಒಮೆಗಾ-3. ಅಮೆರಿಕದ ಪೋಷಣಾ ತಜ್ಞರು ಗಂಡಸರಿಗೆ ದಿನಕ್ಕೆ 1.6 ಗ್ರಾಂ, ಹೆಂಗಸರಿಗೆ 1.1 ಗ್ರಾಂ ಸಾಕೆಂದಿದ್ದಾರೆ. ಅಲ್ಲಿಗೆ ಒಂದು ರೊಟ್ಟಿಯ ಜೊತೆಗಿನ ಹಿಂಡಿಯಲ್ಲೇ ಲೆಕ್ಕ ಮುಗಿಯಿತು. ಮೀನಿನ ಒಮೆಗಾ-3 ಬೇರೆ ಬಗೆಯದು, ನಮ್ಮ ದೇಹ ಅಗಸೆಯದನ್ನು ಅದಾಗಿ ಬದಲಿಸುವುದು ತೀರಾ ಸ್ವಲ್ಪ. ಹಾಗಾಗಿ ಅಗಸೆ ತಿನ್ನುವವರು ಮೀನು ತಿನ್ನುವವರ ಮುಂದೆ ಎದೆ ಉಬ್ಬಿಸುವುದು ಬೇಡ.

ಕುಟ್ಟಿದ ಮರುಕ್ಷಣದಿಂದ ಅಗಸೆಯ ಶತ್ರು ಗಾಳಿ. ಅಗಸೆಯ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಅದಕ್ಕೇ ಚಿತ್ರಕಾರರು ಅದರಲ್ಲಿ ಬಣ್ಣ ಕಲಸಿದರು, ಬಡಗಿಗಳು ಮರಕ್ಕೆ ಹಚ್ಚಿದರು, ಕ್ರಿಕೆಟ್ಟಿನ ಹುಡುಗರು ಹೊಸ ಬ್ಯಾಟಿಗೆ ಸವರಿದರು. ಬ್ಯಾಟಿಗೆ ಒಳ್ಳೆಯದಾದ ಈ ಗುಣ ಹೊಟ್ಟೆಗೆ ಒಳ್ಳೆಯದಲ್ಲ. ಕೆಟ್ಟ ಅಗಸೆಪುಡಿಯನ್ನು ಮೂಗೇ ಹೇಳುತ್ತದೆ: ಹೊಸದಾಗಿ ಪೇಂಟ್ ಬಳಿದ ಕೋಣೆಯ ವಾಸನೆ, ನಾಲಿಗೆಯ ಹಿಂಬದಿಯಲ್ಲಿ ನಿಲ್ಲುವ ಕಹಿ. ಹಿಂಡಿಯಲ್ಲಿ ಮಾತ್ರ ಇದು ಪತ್ತೆಯಾಗುವುದು ಕಷ್ಟ, ಬೆಳ್ಳುಳ್ಳಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಆದ್ದರಿಂದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಸೇರಿಸುವ ಮೊದಲೇ ಬರೀ ಪುಡಿಯನ್ನು ಮೂಸಿ ನೋಡಬೇಕು. ವಾರಕ್ಕೆ ಬೇಕಾದಷ್ಟೇ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಚಿಂತೆಯಿಲ್ಲ. ಕುಟ್ಟದ ಬೀಜವಾದರೆ ತಿಂಗಳುಗಟ್ಟಲೆ ಕೆಡದು. ನಮ್ಮ ಹೊಟ್ಟೆಯನ್ನು ಸೋಲಿಸುವ ಸಿಪ್ಪೆಗೆ ಗಾಳಿ ಯಾವ ಲೆಕ್ಕ?

ಎಳ್ಳಿನ ಕಥೆ ಬೇರೆ. ಅದರಲ್ಲೂ ಅರ್ಧದಷ್ಟು ಎಣ್ಣೆ, ಆದರೆ ಬೇಗ ಕೆಡುವ ಜಾತಿಯದಲ್ಲ. ಎಳ್ಳು ತನ್ನ ಕಾವಲುಗಾರರನ್ನು ತಾನೇ ಇಟ್ಟುಕೊಂಡಿದೆ: ಸೆಸಮಿನ್ ಮತ್ತು ಸೆಸಮೋಲಿನ್ ಎಂಬ ಲಿಗ್ನಾನುಗಳು. ಕಾವು ಚೆನ್ನಾಗಿ ಏರಿದಾಗ ಸೆಸಮೋಲಿನ್ ಒಡೆದು ಸೆಸಮಾಲ್ ಎಂಬುದಾಗುತ್ತದೆ, ಅದು ಎಣ್ಣೆ ಹಳಸದಂತೆ ತಡೆಯುವುದರಲ್ಲಿ ಇನ್ನೂ ಗಟ್ಟಿಗ. ಹುರಿದ ಎಳ್ಳಿನ ಎಣ್ಣೆ ಬಹುಕಾಲ ಬಾಳುವುದು ಇದರಿಂದ. ಬೆಂಕಿಯಿಂದ ಸತ್ವ ಹೋಗುತ್ತದೆನ್ನುವವರಿಗೆ ಬೆಂಕಿಯಿಂದಲೇ ಬಂದ ಸತ್ವವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ನಷ್ಟವೂ ಇದೆ: ಥಯಾಮಿನ್, ಅಂದರೆ ಬಿ1 ಜೀವಸತ್ವ, ಕಾವಿಗೆ ಕರಗುತ್ತದೆ, ಎಳ್ಳಿನಲ್ಲಿ ಮೊದಲೇ ಕಡಿಮೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲ ಕಂದುಬಣ್ಣ ಗಾಢವಾದಷ್ಟೂ ಇನ್ನಷ್ಟು ಕಡಿಮೆಯಾಗುತ್ತದೆ. ಹೊಂಬಣ್ಣಕ್ಕೆ ನಿಲ್ಲಿಸಿದರೆ ಪರಿಮಳವೂ ಸಿಕ್ಕಿತು, ನಷ್ಟವೂ ಮಿತಿಯಲ್ಲಿತ್ತು.

ಎಳ್ಳಿನ ಸುಣ್ಣದಂಶದ ಖ್ಯಾತಿಯ ಬಗ್ಗೆಯೂ ಒಂದು ಮಾತು. ಸಿಪ್ಪೆಸಹಿತ ಎಳ್ಳು 100 ಗ್ರಾಮಿನಲ್ಲಿ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಇಟ್ಟುಕೊಂಡಿರುತ್ತದೆ. ಉಜ್ಜಿ ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಉಳಿಯುವುದು ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಹಾಗೆಂದು ಕರಿ ಎಳ್ಳಿನವರು ಕುಣಿದಾಡುವಂತಿಲ್ಲ. ಸಿಪ್ಪೆಯ ಕ್ಯಾಲ್ಸಿಯಂ ಬಹುಪಾಲು ಆಕ್ಸಲೇಟಿಗೆ ಅಂಟಿಕೊಂಡಿರುವುದರಿಂದ ಕರುಳಿಗೆ ಸುಲಭವಾಗಿ ಸಿಗುವುದಿಲ್ಲ. ಹುರಿದರೂ ಆ ಗಂಟು ಬಿಚ್ಚದು. ಸಜ್ಜೆ ರೊಟ್ಟಿಯ ಮೇಲೆ ಅಂಟಿಸಿದ ಎಳ್ಳು ನೋಡಲು ಚೆಂದ, ಆದರೆ ಅಗಿಯದೆ ನುಂಗಿದರೆ ಅದೂ ಅಗಸೆಯ ದಾರಿಯನ್ನೇ ಹಿಡಿಯುತ್ತದೆ. ಪೋಷಣೆಯ ದೃಷ್ಟಿಯಿಂದ ನನ್ನ ಮತ ಕುಟ್ಟಿದ ಎಳ್ಳಿನ ಚಿಗಳಿಗೆ. ರುಚಿಯ ದೃಷ್ಟಿಯಿಂದಲೂ ಅದಕ್ಕೇ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿಲ್ಲ.

ಕುಂಬಳ ಬೀಜದಲ್ಲಿ ಇಷ್ಟೆಲ್ಲ ತಲೆನೋವಿಲ್ಲ. ತಿರುಳು ದೊಡ್ಡದು, ಮೆತ್ತಗಿನದು. ಹಲ್ಲೇ ಅದನ್ನು ಬೀಸುತ್ತದೆ, ಮಿಕ್ಸಿ ಬೇಡ. ಅದನ್ನು ಜನ ತಿನ್ನುವುದು ಸತು ಮತ್ತು ಮೆಗ್ನೀಸಿಯಂಗಾಗಿ. ಇವು ಖನಿಜಗಳು, ಬಾಣಲೆಯ ಬೆಂಕಿಗೆ ಎಲ್ಲಿಗೂ ಹೋಗುವವಲ್ಲ. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ತಿರುಳಿನಲ್ಲಿ ಎರಡು ಮಿಲಿಗ್ರಾಮಿಗೆ ತುಸು ಹೆಚ್ಚು ಸತು ಹಸಿಯಲ್ಲೂ ಇರುತ್ತದೆ, ಹುರಿದ ಮೇಲೂ ಇರುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಹುರಿದಾಗ ಹೆಚ್ಚೇನೂ ಸಡಿಲವಾಗುವುದಿಲ್ಲ. ಹಾಗಾದರೆ ಹುರಿಯುವುದೇಕೆ ಎಂದರೆ ಗರಿಗರಿಗೆ, ಪರಿಮಳಕ್ಕೆ, ಅಷ್ಟೆ. ಸಣ್ಣ ಉರಿಯಲ್ಲಿ ತಿರುಳು ಉಬ್ಬಿ, ಹಸಿರಿನ ಮೇಲೆ ಕಂದು ಚುಕ್ಕೆ ಮೂಡಿದಾಗ ಇಳಿಸಿದರೆ ಆಯಿತು.

ಮ್ಯಾನೇಜರರು ಈಗ ಕುಂಬಳ ಬೀಜಕ್ಕೆ ವರ್ಗಾವಣೆ ಪಡೆದಿದ್ದಾರೆ. ಅಂಗಡಿಯದಲ್ಲ, ಮನೆಯ ಸಾಂಬಾರಿನ ಕುಂಬಳದಿಂದ ತೆಗೆದು ಬಾಲ್ಕನಿಯಲ್ಲಿ ಒಣಗಿಸಿದ್ದು. ಬೆಂಚಿನ ಮೇಲೆ ಕುಳಿತು ಒಂದೊಂದನ್ನೇ ಹಲ್ಲಿನಲ್ಲಿ ಕಚ್ಚಿ, ಸಿಪ್ಪೆ ಬಿಡಿಸಿ ತಿನ್ನುತ್ತಾರೆ. ಒಂದು ಹಿಡಿ ಮುಗಿಯಲು ಒಂದು ಗಂಟೆ ಬೇಕು, ಆ ಹೊತ್ತಿನಲ್ಲಿ ಅವರು ಮಾತಾಡುವಂತಿಲ್ಲ. ಈ ಬೀಜದಿಂದ ಇಡೀ ಸಭೆಗೆ ಒಳ್ಳೆಯದಾಗಿದೆ ಎಂದು ಮೊಣಕಾಲಿನವರು ನನ್ನ ಕಿವಿಯಲ್ಲಿ ಹೇಳಿದರು.